ಹೀರುವ ಮಾರ್ಕೋವ್ ಸರಪಳಿ: ಮುಗಿಯಲು ಸರಾಸರಿ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕುವ ಕ್ರಮ

ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಗೊತ್ತಾದ ಸಂಭವನೀಯತೆಗಳಿಂದ ಸಾಗುತ್ತ, ಕೊನೆಗೆ ಹೊರಬರಲಾಗದ ಒಂದು ಸ್ಥಿತಿಯಲ್ಲಿ ನಿಂತುಬಿಡುವ ಪ್ರಕ್ರಿಯೆಯೇ ಹೀರುವ ಮಾರ್ಕೋವ್ ಸರಪಳಿ. ಅದು ಮುಗಿಯಲು ಬೇಕಾದ ಹೆಜ್ಜೆಗಳನ್ನು ಲೆಕ್ಕ ಹಾಕುವ N = (I − Q)⁻¹ ಎಂಬ ಸೂತ್ರ ಬಹಳ ಜನರಿಗೆ ಬಾಯಿಪಾಠ. ಆದರೂ ಉತ್ತರ ತಪ್ಪುತ್ತದೆ. ತಪ್ಪು ಸಾಮಾನ್ಯವಾಗಿ ವಿಲೋಮ ಕಂಡುಹಿಡಿಯುವಾಗ ಆಗುವುದಿಲ್ಲ, ಆ ಕೆಲಸವನ್ನು ಕಂಪ್ಯೂಟರ್ ಮಾಡಿಕೊಡುತ್ತದೆ. ಅದಕ್ಕೂ ಮೊದಲು, Q ಒಳಗೆ ಏನು ಸೇರಬೇಕು, ಯಾವ ಕ್ರಮದಲ್ಲಿ ಸೇರಬೇಕು ಎಂದು ತೀರ್ಮಾನಿಸುವಾಗ ಆಗುತ್ತದೆ. ಇಲ್ಲವೇ ಆಮೇಲೆ, N ಬಂದ ಮೇಲೆ ಅದರ ಸಂಖ್ಯೆಗಳನ್ನು ಓದುವಾಗ ಆಗುತ್ತದೆ. ಹಾಗಾಗಿ ಈ ಬರಹ ಹೆಚ್ಚು ಹೊತ್ತು ಆ ಎರಡು ಕಡೆಗಳಲ್ಲೇ ನಿಲ್ಲುತ್ತದೆ.

ಉದಾಹರಣೆಗೆ ಟೆನಿಸ್‌ನ ಡ್ಯೂಸ್ ತೆಗೆದುಕೊಳ್ಳೋಣ. ಸ್ಕೋರ್ 40–40 ಆದ ಮೇಲೆ ಯಾರಾದರೂ ಎರಡು ಪಾಯಿಂಟ್ ಮುಂದೆ ಹೋಗುವವರೆಗೆ ಗೇಮ್ ಮುಗಿಯುವುದಿಲ್ಲ. ಒಂದು ಪಾಯಿಂಟ್ ಗೆದ್ದವರಿಗೆ ಅಡ್ವಾಂಟೇಜ್. ಮುಂದಿನ ಪಾಯಿಂಟನ್ನೂ ಅವರೇ ಗೆದ್ದರೆ ಗೇಮ್ ಅವರದು, ಸೋತರೆ ಮತ್ತೆ ಡ್ಯೂಸ್. ಸರ್ವ್ ಮಾಡುವವರು ಪ್ರತಿ ಪಾಯಿಂಟನ್ನೂ 0.6 ಸಂಭವನೀಯತೆಯಿಂದ ಗೆಲ್ಲುತ್ತಾರೆ ಎಂದಿಟ್ಟುಕೊಳ್ಳೋಣ. ಡ್ಯೂಸ್‌ನಿಂದ ಗೇಮ್ ಮುಗಿಯಲು ಸರಾಸರಿ ಎಷ್ಟು ಪಾಯಿಂಟ್ ಬೇಕು? ಸರ್ವರ್ ಗೆಲ್ಲುವ ಸಂಭವನೀಯತೆ ಎಷ್ಟು?

ಬೇಕಾದ ಸಾಮಗ್ರಿ ಕಡಿಮೆ: ಮಾತೃಕೆಗಳನ್ನು ಗುಣಿಸಲು ಬರಬೇಕು, ಏಕಕಾಲಿಕ ಸಮೀಕರಣ ಬಿಡಿಸಲು ಬರಬೇಕು. ಮೂರಕ್ಕಿಂತ ಹೆಚ್ಚು ಸ್ಥಿತಿಗಳಿದ್ದರೆ ಪೈಥಾನ್ ಮತ್ತು ನಮ್‌ಪೈ ಜೊತೆಗಿರಲಿ.

## 1. ಮೊದಲು "ಒಂದು ಹೆಜ್ಜೆ" ಏನೆಂದು ಬರೆದಿಡಿ

ಸ್ಥಿತಿಗಳ ಪಟ್ಟಿ ಮಾಡುವುದಕ್ಕೂ ಮೊದಲು ಒಂದು ವಾಕ್ಯ ಬರೆಯಿರಿ: "ಒಂದು ಹೆಜ್ಜೆ ಎಂದರೆ ಒಂದು ಪಾಯಿಂಟ್." ಕೊನೆಗೆ ಬರುವ ಉತ್ತರ ಇದೇ ಏಕಮಾನದಲ್ಲಿರುತ್ತದೆ. ಗೇಮ್ ಮುಗಿಸುವ ಕೊನೆಯ ಪಾಯಿಂಟ್ ಕೂಡ ಒಂದು ಹೆಜ್ಜೆಯೇ. ಅದನ್ನು ಎಣಿಸಬೇಕೋ ಬೇಡವೋ ಎಂಬ ಗೊಂದಲ ಮುಂದೆ ಒಂದರ ವ್ಯತ್ಯಾಸವಾಗಿ ಹೊರಬೀಳುತ್ತದೆ, ಆಗ ಅದನ್ನು ಹುಡುಕುವುದು ಕಷ್ಟ. ಈ ವಿಧಾನದಲ್ಲಿ ಆ ಕೊನೆಯ ಹೆಜ್ಜೆ ಯಾವಾಗಲೂ ಎಣಿಕೆಯಲ್ಲಿ ಸೇರಿರುತ್ತದೆ.

## 2. ಸ್ಥಿತಿಗಳನ್ನು ಗುರುತಿಸಿ, ಮರೆವಿನ ಪರೀಕ್ಷೆ ಮಾಡಿ

ನಮ್ಮ ಆಟದಲ್ಲಿ ಐದು ಸ್ಥಿತಿಗಳಿವೆ: ಡ್ಯೂಸ್, ಆಡ್-ಇನ್ (ಸರ್ವರ್‌ಗೆ ಅಡ್ವಾಂಟೇಜ್), ಆಡ್-ಔಟ್ (ರಿಸೀವರ್‌ಗೆ ಅಡ್ವಾಂಟೇಜ್), ಸರ್ವರ್ ಗೆಲುವು, ರಿಸೀವರ್ ಗೆಲುವು. ಕೊನೆಯ ಎರಡಕ್ಕೆ ಹೋದ ಮೇಲೆ ಹೊರಗೆ ಬರುವ ದಾರಿಯಿಲ್ಲ. ಅವು ಹೀರುವ ಸ್ಥಿತಿಗಳು. ಮೊದಲ ಮೂರು ಹಾದುಹೋಗುವ ಸ್ಥಿತಿಗಳು: ಅಲ್ಲಿ ಸ್ವಲ್ಪ ಹೊತ್ತು ಸುತ್ತಾಡಬಹುದು, ಆದರೆ ಶಾಶ್ವತವಾಗಿ ಉಳಿಯುವಂತಿಲ್ಲ.

ಈಗ ಪ್ರತಿ ಸ್ಥಿತಿಗೂ ಒಂದು ಪ್ರಶ್ನೆ ಕೇಳಿ: ಇಲ್ಲಿಗೆ ಹೇಗೆ ಬಂದೆವು ಎಂಬುದನ್ನು ಪೂರ್ತಿ ಮರೆತರೂ ಮುಂದಿನ ಹೆಜ್ಜೆಯ ಸಂಭವನೀಯತೆಗಳನ್ನು ಬರೆಯಬಹುದೇ? ಡ್ಯೂಸ್ ಮೊದಲ ಸಲ ಬಂದಿರಲಿ, ಏಳನೇ ಸಲ ಬಂದಿರಲಿ, ನಮ್ಮ ಊಹೆಯ ಪ್ರಕಾರ ಮುಂದಿನದು 0.6 ಮತ್ತು 0.4. ಹಾಗಾಗಿ ಒಂದೇ ಡ್ಯೂಸ್ ಸಾಕು. ಇದೇ ಕಾರಣಕ್ಕೆ 30–30 ಕೂಡ ಡ್ಯೂಸ್‌ನೊಳಗೇ ಸೇರಿಹೋಗುತ್ತದೆ. ಅಲ್ಲಿಂದಲೂ ಗೆಲ್ಲಲು ಎರಡು ಪಾಯಿಂಟ್‌ಗಳ ಅಂತರ ಬೇಕು, ಮುಂದಿನ ದಾರಿಗಳೆಲ್ಲ ಒಂದೇ.

ಪರೀಕ್ಷೆಯಲ್ಲಿ ಸೋಲುವ ಸಂದರ್ಭವನ್ನೂ ನೋಡಬೇಕು. ಟೈಬ್ರೇಕ್‌ನಲ್ಲಿ 6–6 ಆದ ಮೇಲೂ ಎರಡು ಪಾಯಿಂಟ್‌ಗಳ ಅಂತರವೇ ಬೇಕು, ಆದರೆ ಅಲ್ಲಿ ಸರ್ವ್ ಇಬ್ಬರ ನಡುವೆ ಬದಲಾಗುತ್ತಿರುತ್ತದೆ. "ಸಮ" ಎಂಬ ಒಂದೇ ಸ್ಥಿತಿಯಿಂದ ಮುಂದಿನ ಪಾಯಿಂಟ್ ಯಾರ ಸರ್ವ್ ಎಂದು ತಿಳಿಯುವುದಿಲ್ಲ. ಆಗ "ಸಮ, ಮೊದಲ ಆಟಗಾರರ ಸರ್ವ್" ಮತ್ತು "ಸಮ, ಎರಡನೇ ಆಟಗಾರರ ಸರ್ವ್" ಎಂದು ಸ್ಥಿತಿಯನ್ನೇ ಒಡೆಯಬೇಕು. ಮುಂದಿನ ಹೆಜ್ಜೆಗೆ ಬೇಕಾದ ಮಾಹಿತಿ ಸ್ಥಿತಿಯ ಹೆಸರಿನೊಳಗೇ ಇರಬೇಕು. ಇಲ್ಲಿ ಎಡವಿದರೆ ಮುಂದೆ ಯಾವ ತಪಾಸಣೆಯೂ ಅದನ್ನು ಹಿಡಿಯುವುದಿಲ್ಲ, ಏಕೆಂದರೆ ತಪ್ಪು ಮಾದರಿಯ ಗಣಿತವೂ ಒಳಗಿಂದೊಳಗೆ ಸರಿಯಾಗಿಯೇ ಹೊಂದಿಕೊಳ್ಳುತ್ತದೆ.

## 3. ಕ್ರಮ ಗೊತ್ತುಮಾಡಿ, Q ಮತ್ತು R ಬರೆಯಿರಿ

ಹಾದುಹೋಗುವ ಸ್ಥಿತಿಗಳು ಮೊದಲು, ಹೀರುವ ಸ್ಥಿತಿಗಳು ಕೊನೆಗೆ. ನಮ್ಮ ಕ್ರಮ: ಡ್ಯೂಸ್, ಆಡ್-ಇನ್, ಆಡ್-ಔಟ್, ಆಮೇಲೆ ಸರ್ವರ್ ಗೆಲುವು, ರಿಸೀವರ್ ಗೆಲುವು. ಇದನ್ನು ಕಾಗದದ ಮೇಲೆ ಬರೆದಿಟ್ಟು ಕೊನೆಯವರೆಗೂ ಬದಲಾಯಿಸಬೇಡಿ.

ಇನ್ನೊಂದು ನಿಯಮವನ್ನೂ ಅದರ ಪಕ್ಕದಲ್ಲೇ ಬರೆಯಿರಿ: ಅಡ್ಡಸಾಲು ಎಂದರೆ "ಎಲ್ಲಿಂದ", ಕಂಬಸಾಲು ಎಂದರೆ "ಎಲ್ಲಿಗೆ". ಕೆಲವು ಪಠ್ಯಗಳು ಇದನ್ನು ತಿರುಗಿಸಿ ಬರೆಯುತ್ತವೆ. ಎರಡೂ ಸರಿಯೇ, ಬೆರೆಸಿದರೆ ಮಾತ್ರ ಕೆಡುತ್ತದೆ.

Q ಎಂದರೆ ಹಾದುಹೋಗುವ ಸ್ಥಿತಿಯಿಂದ ಹಾದುಹೋಗುವ ಸ್ಥಿತಿಗೆ ಹೋಗುವ ಸಂಭವನೀಯತೆಗಳು. R ಎಂದರೆ ಹಾದುಹೋಗುವ ಸ್ಥಿತಿಯಿಂದ ನೇರವಾಗಿ ಹೀರುವ ಸ್ಥಿತಿಗೆ ಹೋಗುವ ಸಂಭವನೀಯತೆಗಳು.

```
Q =  0     0.6   0.4
     0.4   0     0
     0.6   0     0

R =  0     0
     0.6   0
     0     0.4
```

ಎರಡನೇ ಸಾಲನ್ನು ಓದಿ ನೋಡಿ: ಆಡ್-ಇನ್‌ನಿಂದ ಡ್ಯೂಸ್‌ಗೆ ಮರಳುವುದು 0.4, ಸರ್ವರ್ ಗೆಲ್ಲುವುದು 0.6. Q ಮತ್ತು R ಎರಡರ ಒಂದೇ ಸಾಲನ್ನು ಕೂಡಿದರೆ ಸರಿಯಾಗಿ 1 ಬರಬೇಕು. ಮೂರು ಸಾಲುಗಳಿಗೂ ಇದನ್ನು ಈಗಲೇ ಮಾಡಿ.

ಹೀರುವ ಸ್ಥಿತಿಯನ್ನು Q ಒಳಗೆ ತಂದು ಸೇರಿಸುವುದು ಬಹಳ ಸಾಮಾನ್ಯವಾದ ತಪ್ಪು. ಪೂರ್ತಿ 5 × 5 ಮಾತೃಕೆಯನ್ನೇ I ಇಂದ ಕಳೆದರೆ ಹೀರುವ ಸ್ಥಿತಿಯ ಸಾಲು ಪೂರ್ತಿ ಸೊನ್ನೆಯಾಗುತ್ತದೆ, ವಿಲೋಮವೇ ಇರುವುದಿಲ್ಲ. "ಸಿಂಗ್ಯುಲರ್ ಮ್ಯಾಟ್ರಿಕ್ಸ್" ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

## 4. ಎಲ್ಲ ಸ್ಥಿತಿಗಳಿಂದಲೂ ಹೊರದಾರಿ ಇದೆಯೇ ನೋಡಿ

ಪ್ರತಿ ಹಾದುಹೋಗುವ ಸ್ಥಿತಿಯಿಂದಲೂ, ಎಷ್ಟೇ ಸುತ್ತುಬಳಸಿಯಾದರೂ ಸರಿ, ಯಾವುದಾದರೂ ಒಂದು ಹೀರುವ ಸ್ಥಿತಿಗೆ ಹೋಗಲು ಸಾಧ್ಯವಾಗಬೇಕು. ಡ್ಯೂಸ್‌ನಿಂದ ಒಂದೇ ಹೆಜ್ಜೆಯಲ್ಲಿ ಗೇಮ್ ಮುಗಿಯುವುದಿಲ್ಲ, ಆದರೆ ಎರಡು ಹೆಜ್ಜೆಗಳಲ್ಲಿ ಮುಗಿಯಬಹುದು. ಅಷ್ಟು ಸಾಕು.

ದೊಡ್ಡ ಮಾದರಿಗಳಲ್ಲಿ ಎರಡು ಮೂರು ಸ್ಥಿತಿಗಳು ತಮ್ಮತಮ್ಮಲ್ಲೇ ಸುತ್ತುತ್ತ ಹೊರಗೆ ಹೋಗದ ಕುಣಿಕೆ ಬಿದ್ದಿರುತ್ತದೆ. ಅಂಥ ಗುಂಪಿನ Q ಸಾಲುಗಳ ಮೊತ್ತ 1 ಆಗಿರುತ್ತದೆ, I − Q ಗೆ ವಿಲೋಮ ಇರುವುದಿಲ್ಲ. ಕಂಪ್ಯೂಟರ್ ಕೆಲವೊಮ್ಮೆ ದಶಮಾಂಶದ ಅಂದಾಜಿನಿಂದಾಗಿ ತಪ್ಪು ತೋರಿಸದೆ 10¹⁵ರ ಆಸುಪಾಸಿನ ಸಂಖ್ಯೆಗಳನ್ನು ಕೊಡುತ್ತದೆ. ಅದು ನಿಜವಾಗಿಯೂ ದೀರ್ಘವಾದ ಆಟವಲ್ಲ, ಮುಗಿಯದ ಆಟ.

## 5. I − Q ಮಾಡಿ, ಬಿಡಿಸಿ

I ಎಂದರೆ Q ನಷ್ಟೇ ದೊಡ್ಡ ಐಡೆಂಟಿಟಿ ಮಾತೃಕೆ.

```
I − Q =   1     −0.6   −0.4
         −0.4    1      0
         −0.6    0      1
```

ಇದರ ವಿಲೋಮವೇ ಮೂಲಭೂತ ಮಾತೃಕೆ N. ಯಾಕೆ ವಿಲೋಮ ಎಂಬುದನ್ನು ಒಂದು ಸಲ ನೋಡಿಬಿಡುವುದು ಒಳ್ಳೆಯದು, ಮುಂದಿನ ಹಂತದ ಓದು ಅದರ ಮೇಲೆಯೇ ನಿಂತಿದೆ. Q² ಎಂಬುದು ಇನ್ನೂ ಹೀರಲ್ಪಡದೆ ಎರಡು ಹೆಜ್ಜೆಗಳ ನಂತರ ಎಲ್ಲಿರುತ್ತೇವೆ ಎಂಬುದರ ಸಂಭವನೀಯತೆ, Q³ ಮೂರು ಹೆಜ್ಜೆಗಳ ನಂತರದ್ದು. ಹೀಗೆ I + Q + Q² + Q³ + … ಎಂದು ಎಲ್ಲ ಕಾಲಗಳನ್ನೂ ಕೂಡಿಸಿದರೆ ಪ್ರತಿ ಸ್ಥಿತಿಯಲ್ಲಿ ಸರಾಸರಿ ಎಷ್ಟು ಸಲ ಇದ್ದೆವು ಎಂಬುದು ಸಿಗುತ್ತದೆ. ಗುಣೋತ್ತರ ಶ್ರೇಢಿಯ ಮೊತ್ತದಂತೆ ಇದು (I − Q)⁻¹ ಆಗುತ್ತದೆ.

ನಮ್ಮಲ್ಲಿ ನಿರ್ಧಾರಕದ ಬೆಲೆ 1 − 0.24 − 0.24 = 0.52. ವಿಲೋಮ ಹೀಗೆ ಬರುತ್ತದೆ:

```
N =  1.9231   1.1538   0.7692
     0.7692   1.4615   0.3077
     1.1538   0.6923   1.4615
```

ಕಂಪ್ಯೂಟರಿನಲ್ಲಿ ಮಾಡುವಾಗ, N ಪೂರ್ತಿ ಬೇಕಿಲ್ಲವೆಂದರೆ `inv` ಬದಲು `solve` ಬಳಸಿ. ದೊಡ್ಡ ಮಾತೃಕೆಗಳಲ್ಲಿ ಅದು ಬೇಗವೂ ಹೌದು, ನಿಖರವೂ ಹೌದು. ಕೆಳಗಿನ t ಎಂಬುದು 7ನೇ ಹಂತದ ಮೊತ್ತಗಳು, B ಎಂಬುದು 9ನೇ ಹಂತದ ಸಂಭವನೀಯತೆಗಳು.

```python
import numpy as np
Q = np.array([[0, .6, .4], [.4, 0, 0], [.6, 0, 0]])
R = np.array([[0, 0], [.6, 0], [0, .4]])
M = np.eye(3) - Q
t = np.linalg.solve(M, np.ones(3))
B = np.linalg.solve(M, R)
```

## 6. N ಓದುವ ಬಗೆ

ಮೊದಲ ಸಾಲು ಡ್ಯೂಸ್‌ನಿಂದ ಹೊರಟ ಆಟದ ಕಥೆ. ಗೇಮ್ ಮುಗಿಯುವುದರೊಳಗೆ ಸರಾಸರಿ 1.9231 ಸಲ ಡ್ಯೂಸ್‌ನಲ್ಲಿ, 1.1538 ಸಲ ಆಡ್-ಇನ್‌ನಲ್ಲಿ, 0.7692 ಸಲ ಆಡ್-ಔಟ್‌ನಲ್ಲಿ ಇರುತ್ತೇವೆ. ಇವು ಸಂಭವನೀಯತೆಗಳಲ್ಲ, ಭೇಟಿಗಳ ಸರಾಸರಿ ಎಣಿಕೆ. 1ಕ್ಕಿಂತ ಹೆಚ್ಚಿದ್ದರೆ ಗಾಬರಿ ಬೇಡ.

ಕರ್ಣದ ಸಂಖ್ಯೆಗಳಲ್ಲಿ ಮಾತ್ರ ಎಚ್ಚರವಿರಲಿ. 1.9231 ಎಂಬುದರಲ್ಲಿ ನಾವು ಆರಂಭದಲ್ಲೇ ಡ್ಯೂಸ್‌ನಲ್ಲಿ ನಿಂತಿದ್ದೂ ಒಂದು ಭೇಟಿಯಾಗಿ ಸೇರಿದೆ. "ಡ್ಯೂಸ್ ಸರಾಸರಿ ಎಷ್ಟು ಸಲ ಮರಳಿ ಬರುತ್ತದೆ?" ಎಂದು ಕೇಳಿದರೆ ಉತ್ತರ 0.9231. ಮರಳಿ ಒಮ್ಮೆಯಾದರೂ ಬರುವ ಸಂಭವನೀಯತೆ ಬೇಕಾದರೆ 1 − 1/1.9231, ಅಂದರೆ 0.48. ಇದನ್ನು ಕೈಯಿಂದಲೇ ಪರೀಕ್ಷಿಸಬಹುದು: ಒಂದು ಪಾಯಿಂಟ್ ಗೆದ್ದು ಒಂದು ಸೋಲುವ ದಾರಿಗಳು ಎರಡು, 2 × 0.6 × 0.4 = 0.48.

## 7. ಸಾಲುಗಳನ್ನು ಕೂಡಿ, ಹೆಜ್ಜೆಗಳ ಸರಾಸರಿ ಪಡೆಯಿರಿ

ಪ್ರತಿ ಹೆಜ್ಜೆಯೂ ಯಾವುದಾದರೊಂದು ಹಾದುಹೋಗುವ ಸ್ಥಿತಿಯಿಂದಲೇ ಹೊರಡಬೇಕು. ಹಾಗಾಗಿ ಎಲ್ಲ ಭೇಟಿಗಳನ್ನೂ ಕೂಡಿದರೆ ಒಟ್ಟು ಹೆಜ್ಜೆಗಳ ಸರಾಸರಿ ಸಿಗುತ್ತದೆ. N ನ ಅಡ್ಡಸಾಲುಗಳ ಮೊತ್ತ:

ಡ್ಯೂಸ್‌ನಿಂದ 3.8462 ಪಾಯಿಂಟ್. ಆಡ್-ಇನ್‌ನಿಂದ 2.5385. ಆಡ್-ಔಟ್‌ನಿಂದ 3.3077.

ಇಲ್ಲಿ ಒಂದು ಬಲೆ ಇದೆ. ಯಾರಾದರೂ ಮರೆತು ಕಂಬಸಾಲುಗಳನ್ನು ಕೂಡಿದರೆ ಏನಾಗುತ್ತದೆ ನೋಡಿ: 3.8462, 3.3077, 2.5385. ಡ್ಯೂಸ್‌ನ ಉತ್ತರ ಸರಿಯಾಗಿಯೇ ಇದೆ! ಉಳಿದೆರಡು ಮಾತ್ರ ಅದಲುಬದಲಾಗಿವೆ. ಈ ಆಟದಲ್ಲಿ Q ವನ್ನು ತಿರುಗಿಸಿ ಬರೆಯುವುದೂ ಆಡ್-ಇನ್, ಆಡ್-ಔಟ್‌ಗಳ ಹೆಸರು ಬದಲಿಸುವುದೂ ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಡ್ಯೂಸ್‌ನ ಉತ್ತರವನ್ನು ಮಾತ್ರ ತಾಳೆ ನೋಡಿ ನಿಟ್ಟುಸಿರು ಬಿಟ್ಟವರಿಗೆ ತಪ್ಪು ಕಾಣುವುದೇ ಇಲ್ಲ. ಆದ್ದರಿಂದ ಆಟದ ಅರ್ಥದಿಂದಲೂ ಯೋಚಿಸಿ: ಬಲಶಾಲಿಯಾದ ಸರ್ವರ್ ಗೆಲುವಿಗೆ ಒಂದೇ ಪಾಯಿಂಟ್ ದೂರದಲ್ಲಿರುವಾಗ ಆಟ ಬೇಗ ಮುಗಿಯಬೇಕು. ಆಡ್-ಇನ್‌ನ ಸಂಖ್ಯೆಯೇ ಚಿಕ್ಕದಾಗಿರಬೇಕು.

## 8. ಮೊದಲ ಹೆಜ್ಜೆಯಿಂದ ತಾಳೆ ನೋಡಿ

ಎಲ್ಲ ತಪಾಸಣೆಗಳಲ್ಲಿ ನನಗೆ ಅತ್ಯಂತ ನಂಬಿಕೆಯಿರುವುದು ಇದರಲ್ಲಿ. ಇದಕ್ಕೆ ಮಾತೃಕೆ ಬೇಕಿಲ್ಲ, ಆಟದ ನಿಯಮ ಸಾಕು. ಡ್ಯೂಸ್‌ನಿಂದ ಒಂದು ಪಾಯಿಂಟ್ ಆಡುತ್ತೇವೆ, ಆಮೇಲೆ 0.6 ಸಂಭವನೀಯತೆಯಿಂದ ಆಡ್-ಇನ್, 0.4 ಸಂಭವನೀಯತೆಯಿಂದ ಆಡ್-ಔಟ್:

1 + 0.6 × 2.5385 + 0.4 × 3.3077 = 3.8462

ಆಡ್-ಇನ್‌ನಿಂದ: 1 + 0.4 × 3.8462 = 2.5385. ಆಡ್-ಔಟ್‌ನಿಂದ: 1 + 0.6 × 3.8462 = 3.3077. ಮೂರೂ ಕೂಡಿಬಂದವು. ಕಂಬಸಾಲು ಕೂಡಿದವರ ಸಂಖ್ಯೆಗಳು ಇಲ್ಲಿ ನಿಲ್ಲುವುದಿಲ್ಲ. 1 + 0.4 × 3.8462 ಎಂದಿಗೂ 3.3077 ಆಗದು. ನೆನಪಿಡಿ, ಈ ಸಮೀಕರಣವನ್ನು Q ದ ಕಡತ ನೋಡಿ ಬರೆಯಬಾರದು, ಆಟದ ನಿಯಮ ನೋಡಿ ಬರೆಯಬೇಕು. ಇಲ್ಲದಿದ್ದರೆ ಕಡತದ ತಪ್ಪೇ ಮತ್ತೊಮ್ಮೆ ನಕಲಾಗುತ್ತದೆ.

N ನೋಡಿದ ತಕ್ಷಣ ಅನುಮಾನ ಹುಟ್ಟಬೇಕಾದ ಚಿಹ್ನೆಗಳೂ ಇವೆ. N ನಲ್ಲಿ ಋಣ ಸಂಖ್ಯೆ ಬರುವಂತಿಲ್ಲ, ಭೇಟಿಗಳ ಎಣಿಕೆ ಸೊನ್ನೆಗಿಂತ ಕಡಿಮೆಯಾಗದು. ಕರ್ಣದಲ್ಲಿ 1ಕ್ಕಿಂತ ಕಡಿಮೆ ಬರುವಂತಿಲ್ಲ, ಆರಂಭದ ಭೇಟಿಯೊಂದಾದರೂ ಇದ್ದೇ ಇದೆ. ಇವೆರಡರಲ್ಲಿ ಯಾವುದು ಕಂಡರೂ Q ದ ಯಾವುದೋ ಸಾಲಿನ ಮೊತ್ತ 1ನ್ನು ಮೀರಿದೆಯೇ, I − Q ಬದಲು Q − I ಮಾಡಿದ್ದೀರಾ ಎಂದು ನೋಡಿ.

## 9. ಎಲ್ಲಿ ಹೀರಲ್ಪಡುತ್ತದೆ: B = N R

N ಅನ್ನು R ಇಂದ ಗುಣಿಸಿದರೆ ಕೊನೆ ಎಲ್ಲಿ ಆಗುತ್ತದೆ ಎಂಬುದರ ಸಂಭವನೀಯತೆ ಸಿಗುತ್ತದೆ. ಡ್ಯೂಸ್‌ನಿಂದ ಸರ್ವರ್ ಗೆಲ್ಲುವುದು 1.1538 × 0.6 = 0.6923, ರಿಸೀವರ್ ಗೆಲ್ಲುವುದು 0.3077. ಆಡ್-ಇನ್‌ನಿಂದ 0.8769 ಮತ್ತು 0.1231. ಆಡ್-ಔಟ್‌ನಿಂದ 0.4154 ಮತ್ತು 0.5846. ಪ್ರತಿ ಸಾಲಿನ ಮೊತ್ತ 1 ಆಗದಿದ್ದರೆ 3ನೇ ಹಂತಕ್ಕೆ ಮರಳಿ, R ನಲ್ಲಿ ಯಾವುದೋ ಹೊರದಾರಿ ಬಿಟ್ಟುಹೋಗಿರುತ್ತದೆ. ಗುಣಿಸುವ ಕ್ರಮ N ಮೊದಲು, R ಆಮೇಲೆ.

## 10. ಸರಾಸರಿಯನ್ನು ಸರಾಸರಿಯಾಗಿಯೇ ಬಳಸಿ

3.8462 ಎಂದು ಕೇಳಿದವರು "ಸಾಮಾನ್ಯವಾಗಿ ನಾಲ್ಕು ಪಾಯಿಂಟ್ ಹಿಡಿಯುತ್ತದೆ" ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅದು ಸರಿಯಲ್ಲ. ಡ್ಯೂಸ್‌ನಿಂದ ಗೇಮ್ ಯಾವಾಗಲೂ ಸಮಸಂಖ್ಯೆಯ ಪಾಯಿಂಟ್‌ಗಳಲ್ಲೇ ಮುಗಿಯುತ್ತದೆ, ಮತ್ತು 0.52 ಸಂಭವನೀಯತೆಯಿಂದ, ಅಂದರೆ ಅರ್ಧಕ್ಕಿಂತ ಹೆಚ್ಚು ಸಲ, ಎರಡೇ ಪಾಯಿಂಟ್‌ಗಳಲ್ಲಿ ಮುಗಿದುಬಿಡುತ್ತದೆ. ಸರಾಸರಿಯನ್ನು ಮೇಲಕ್ಕೆ ಎಳೆಯುವುದು ಅಪರೂಪಕ್ಕೆ ಬರುವ ಉದ್ದನೆಯ ಆಟಗಳು. ಹತ್ತು ಪಾಯಿಂಟ್ ಆದರೂ ಮುಗಿಯದಿರುವ ಸಂಭವನೀಯತೆ 0.48⁵, ಸುಮಾರು 0.025.

ಹರಡಿಕೆ ಬೇಕಾದರೆ ಸೂತ್ರ (2N − I)t − t², ಇಲ್ಲಿ t ಎಂಬುದು 7ನೇ ಹಂತದ ಮೊತ್ತಗಳ ಪಟ್ಟಿ, t² ಎಂದರೆ ಪ್ರತಿ ಸಂಖ್ಯೆಯ ವರ್ಗ. ಡ್ಯೂಸ್‌ಗೆ ವಿಚಲನೆಯ ವರ್ಗದ ಸರಾಸರಿ 7.10, ಮಾನಕ ವಿಚಲನೆ ಸುಮಾರು 2.66. ಸರಾಸರಿ 3.85 ಇರುವಲ್ಲಿ ಇದು ದೊಡ್ಡ ಹರಡಿಕೆ. ವೇಳೆಯ ಅಂದಾಜು ಕೊಡಬೇಕಾದ ಕಡೆ ಸರಾಸರಿಯೊಂದನ್ನೇ ಬರೆದರೆ ಓದುವವರಿಗೆ ಅನ್ಯಾಯವಾಗುತ್ತದೆ.

## 11. "ಗೆದ್ದರೆ ಎಷ್ಟು ಹೆಜ್ಜೆ?" ಎಂಬುದು ಬೇರೆಯೇ ಪ್ರಶ್ನೆ

ಕೊನೆಯದಾಗಿ, ಬಹಳ ಜನ ಜಾರುವ ಜಾಗ. ಆಡ್-ಇನ್‌ನಿಂದ ಸರಾಸರಿ 2.5385 ಪಾಯಿಂಟ್ ಎಂದು ಗೊತ್ತಾಯಿತು. ಸರ್ವರ್ ಗೆದ್ದ ಆಟಗಳನ್ನು ಮಾತ್ರ ಎತ್ತಿಕೊಂಡರೆ ಸರಾಸರಿ ಎಷ್ಟು? ಅದೇ 2.5385 ಎಂದು ಬರೆಯುವವರಿದ್ದಾರೆ, 2.5385ನ್ನು 0.8769 ಇಂದ ಗುಣಿಸುವವರೂ ಇದ್ದಾರೆ. ಎರಡೂ ತಪ್ಪು.

ಸರಿಯಾದ ದಾರಿ, Q ದ ಪ್ರತಿ ಸಂಖ್ಯೆಯನ್ನೂ ತಿದ್ದಿಕೊಳ್ಳುವುದು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಸಂಭವನೀಯತೆಯನ್ನು, ಹೋಗುವ ಸ್ಥಿತಿಯಿಂದ ಗೆಲ್ಲುವ ಸಂಭವನೀಯತೆಯಿಂದ ಗುಣಿಸಿ, ಹೊರಟ ಸ್ಥಿತಿಯಿಂದ ಗೆಲ್ಲುವ ಸಂಭವನೀಯತೆಯಿಂದ ಭಾಗಿಸಿ. ಈ ಸಂಭವನೀಯತೆಗಳು B ನಲ್ಲಿ ಆಗಲೇ ಇವೆ. ಆಡ್-ಇನ್‌ನಿಂದ ಡ್ಯೂಸ್‌ಗೆ: 0.4 × 0.6923 ÷ 0.8769 = 0.3158. ಉಳಿದ 0.6842 ನೇರ ಗೆಲುವು. ಹೀಗೆ ತಿದ್ದಿದ ಮಾತೃಕೆಗೆ 5ರಿಂದ 7ನೇ ಹಂತಗಳನ್ನು ಮತ್ತೆ ಮಾಡಬೇಕು.

ನಮ್ಮ ಆಟದಲ್ಲಿ ಒಂದು ಅನುಕೂಲವಿದೆ. ಡ್ಯೂಸ್‌ನಿಂದ ಹೊರಟ ಪ್ರತಿ ಎರಡು ಪಾಯಿಂಟ್‌ಗಳ ನಂತರ ಆಟ ಮುಗಿಯುತ್ತದೆ ಅಥವಾ ಮತ್ತೆ ಡ್ಯೂಸ್‌ಗೇ ಬರುತ್ತದೆ, ಆದ್ದರಿಂದ ಯಾರು ಗೆದ್ದರೂ ಡ್ಯೂಸ್‌ನಿಂದ ಸರಾಸರಿ 3.8462ರಲ್ಲಿ ಬದಲಾವಣೆಯಿಲ್ಲ. ಹಾಗಾಗಿ ಸರ್ವರ್ ಗೆದ್ದ ಆಟಗಳಲ್ಲಿ ಆಡ್-ಇನ್‌ನಿಂದ 1 + 0.3158 × 3.8462 = 2.2146 ಪಾಯಿಂಟ್. ಸೋತ ಆಟಗಳಲ್ಲಿ ಡ್ಯೂಸ್ ಮೂಲಕವೇ ಹೋಗಬೇಕಾದ್ದರಿಂದ 1 + 3.8462 = 4.8462. ಎರಡನ್ನೂ ಅವುಗಳ ಸಂಭವನೀಯತೆಗಳಿಂದ ತೂಗಿ ಕೂಡಿಸಿ: 0.8769 × 2.2146 + 0.1231 × 4.8462. ದಶಮಾಂಶದ ಅಂದಾಜು ಬಿಟ್ಟರೆ 2.5385 ಮರಳಿ ಬರುತ್ತದೆ. ಬರದಿದ್ದರೆ ತಿದ್ದುವಾಗ ಗುಣಿಸಬೇಕಾದಲ್ಲಿ ಭಾಗಿಸಿರುತ್ತೀರಿ.